ತಾಮ್ರದ ಶಂಟ್ ಬಿಸಿಯಾದಾಗ ಮುಳ್ಳು ಯಾಕೆ ಮೇಲೇರುತ್ತದೆ?

ಪ್ರಶ್ನೆ: ಸರ್, ಐಟಿಐ ಮುಗಿಸಿ ಊರಲ್ಲೇ ಬ್ಯಾಟರಿ, ಯುಪಿಎಸ್ ರಿಪೇರಿ ಮಾಡ್ತಾ ಇದ್ದೀನಿ. ನನ್ನ ಪವರ್ ಸಪ್ಲೈಗೆ ಹಳೇ ಮೂವಿಂಗ್ ಕಾಯಿಲ್ ಮೀಟರ್ ಒಂದನ್ನು ಹಾಕಿದೆ. 1 ಮಿಲಿ ಆಂಪ್, ಕಾಯಿಲ್ 100 ಓಮ್. ಸ್ವಿಚ್ ಹಾಕಿ 10 ಆಂಪ್ ಮತ್ತು 30 ವೋಲ್ಟ್ ಎರಡನ್ನೂ ಅದರಲ್ಲೇ ಓದುವ ಆಸೆ. ಲೆಕ್ಕದ ಪ್ರಕಾರ ಮೀಟರಿಗೆ ಪ್ಯಾರಲಲ್ ಆಗಿ ಹಾಕುವ ಶಂಟ್ 0.01 ಓಮ್ ಬಂತು. ಸುಮಾರು 58 ಸೆಂಟಿಮೀಟರ್ ತಾಮ್ರದ ವೈರನ್ನು ಪೆನ್ಸಿಲ್‌ಗೆ ಸುತ್ತಿ, ಟೇಪ್ ಹಾಕಿ ಕೂರಿಸಿದೆ. ಕ್ಲ್ಯಾಂಪ್ ಮೀಟರಿನಲ್ಲಿ 9 ಆಂಪ್ ಕದಲದೆ ನಿಂತಿರುತ್ತೆ, ನನ್ನ ಮುಳ್ಳು ಮಾತ್ರ 9ರಿಂದ ಶುರುವಾಗಿ ಹತ್ತು ನಿಮಿಷಕ್ಕೆ 10ಕ್ಕೆ ಹೋಗಿಬಿಡುತ್ತೆ. ಕಾಯಿಲೂ ತಾಮ್ರ, ಶಂಟೂ ತಾಮ್ರ, ಹಾಗಾಗಿ ಸರಿಹೋಗಲೇಬೇಕು ಅಂತಾನೆ ಗೆಳೆಯ. ಇನ್ನೊಂದು, ಲೋಡ್ ಇರುವಾಗ ಸ್ವಿಚ್ ತಿರುಗಿಸಿದರೆ ಮುಳ್ಳು ಠಪ್ ಅಂತ ಕೊನೆಗೆ ಬಡಿಯುತ್ತೆ. ವೋಲ್ಟ್‌ಮೀಟರ್‌ಗೆ 29.9 ಕಿಲೋ ಓಮ್ ಸಿಗದೆ 30 ಕಿಲೋ ಹಾಕಿದೆ. ಬ್ಯಾಟರಿ ಮೇಲೆ ಸರಿ ಇದೆ. ಆದರೆ 24 ವೋಲ್ಟಿಗೆ ಎರಡು 100 ಕಿಲೋ ಓಮ್ ಸೀರೀಸ್ ಹಾಕಿ ಮಧ್ಯದಲ್ಲಿ ಅಳೆದರೆ ಡಿಜಿಟಲ್‌ನಲ್ಲಿ 12 ಬರುವ ಕಡೆ ಇದರಲ್ಲಿ ನಾಲ್ಕೂವರೆ. ಎಲ್ಲಿ ತಪ್ಪಾಯ್ತು?

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಲೋಹದಲ್ಲಿ, ಸ್ವಿಚ್ ಹಾಕಿದ ಜಾಗದಲ್ಲಿ. ನಾಲ್ಕೂವರೆ ವೋಲ್ಟಿನ ವಿಷಯದಲ್ಲಂತೂ ನಿಮ್ಮ ಮೀಟರಿನದು ಏನೂ ತಪ್ಪಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಶಂಟ್.

ಪುಸ್ತಕದ ಸೂತ್ರ ನಿಮಗೆ ಗೊತ್ತೇ ಇದೆ. Rs ಅಂದರೆ ಶಂಟ್, Rm ಕಾಯಿಲಿನ ರೆಸಿಸ್ಟೆನ್ಸ್, Im ಮುಳ್ಳನ್ನು ಕೊನೆಗೆ ಒಯ್ಯುವ ಕರೆಂಟು, I ಅಳೆಯಬೇಕಾದ ಒಟ್ಟು ಕರೆಂಟು.

```
Rs = Im × Rm / (I − Im)
   = 0.001 × 100 / (10 − 0.001)
   = 0.1 / 9.999  ≈  0.010001 ohm
```

ಇದರಲ್ಲಿ ಮೇಲಿರುವ 0.1 ಅನ್ನೋ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ. ಅದು 0.1 ವೋಲ್ಟ್, ಅಂದರೆ 100 ಮಿಲಿವೋಲ್ಟ್. ಶಂಟ್ ಹಾಕಿದ ಮೇಲೆ ನಿಮ್ಮ ಮೀಟರ್ ಆಂಪ್ ಅಳೆಯುವುದಿಲ್ಲ. ಶಂಟಿನ ಎರಡು ತುದಿಗಳ ನಡುವೆ ಇರುವ ಮಿಲಿವೋಲ್ಟ್ ಅಳೆಯುತ್ತದೆ, ಅಷ್ಟೇ. ಅಲ್ಲಿ 100 ಮಿಲಿವೋಲ್ಟ್ ಬಂದರೆ ಮುಳ್ಳು ಕೊನೆಗೆ ಹೋಗುತ್ತದೆ. ಅದು 10 ಆಂಪಿನಿಂದ ಬಂತೋ, ಶಂಟಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ 9 ಆಂಪಿಗೇ ಬಂತೋ ಅನ್ನುವುದು ಮುಳ್ಳಿಗೆ ಗೊತ್ತಾಗುವುದಿಲ್ಲ.

ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಹತ್ತಿರ ಶೇ. 0.39ರಷ್ಟು ಏರುತ್ತದೆ. ನಿಮ್ಮ ಮುಳ್ಳು 9ರಿಂದ 10ಕ್ಕೆ ಹೋಗಿದೆ, ಅಂದರೆ ಶೇ. 11 ಏರಿಕೆ. 11ನ್ನು 0.39ರಿಂದ ಭಾಗಿಸಿದರೆ 28 ಬರುತ್ತದೆ. ನಿಮ್ಮ ಶಂಟ್ 28 ಡಿಗ್ರಿ ಬಿಸಿಯಾಗಿದೆ ಅಂತ ಮೀಟರ್ ಹೇಳುತ್ತಾ ಇದೆ. ಆಂಪ್ ಮೀಟರ್ ಮಾಡಲು ಹೋಗಿ ನೀವು ಒಂದು ಒಳ್ಳೆಯ ಥರ್ಮಾಮೀಟರ್ ಮಾಡಿದ್ದೀರಿ! ಅಷ್ಟು ಬಿಸಿಯಾಗುವುದೂ ಆಶ್ಚರ್ಯವಲ್ಲ. 9 ಆಂಪಿಗೆ ಆ ವೈರಿನಲ್ಲಿ 0.8 ವ್ಯಾಟ್ ಶಾಖ ಹುಟ್ಟುತ್ತದೆ, ಅದನ್ನು ಪೆನ್ಸಿಲ್ ಗಾತ್ರಕ್ಕೆ ಸುತ್ತಿ ಮೇಲೆ ಟೇಪಿನ ಸ್ವೆಟರ್ ಹಾಕಿದ್ದೀರಿ. ಹೋಗಲು ದಾರಿ ಎಲ್ಲಿದೆ ಅದಕ್ಕೆ?

ಇನ್ನು ನಿಮ್ಮ ಗೆಳೆಯನ ಮಾತು. ಈ ಮಾತನ್ನು ನಾನು ಮೀಟರ್ ರಿಪೇರಿ ಕಲಿಯುವಾಗ ಕೇಳಿದ್ದೆ, ಈಗಲೂ ಕೇಳುತ್ತಾ ಇರುತ್ತೇನೆ. ಪೂರ್ತಿ ಸುಳ್ಳಲ್ಲ ಅದು. ಕಾಯಿಲೂ ಶಂಟೂ ಎರಡೂ ತಾಮ್ರವಾಗಿದ್ದು, ಎರಡೂ ಒಂದೇ ಉಷ್ಣತೆಯಲ್ಲಿದ್ದರೆ, ಎರಡರ ರೆಸಿಸ್ಟೆನ್ಸೂ ಒಂದೇ ಪ್ರಮಾಣದಲ್ಲಿ ಏರುತ್ತದೆ. ಆಗ ಕರೆಂಟು ಹಂಚಿಕೊಳ್ಳುವ ಲೆಕ್ಕ ಬದಲಾಗುವುದಿಲ್ಲ. ಬೆಳಗಿನ ಚಳಿಗೂ ಮಧ್ಯಾಹ್ನದ ಸೆಖೆಗೂ ನಿಮ್ಮ ಮೀಟರ್ ಒಂದೇ ರೀತಿ ಓದುತ್ತದೆ. ಆದರೆ ಶಂಟಿನಲ್ಲಿ ಹರಿಯುವುದು 10 ಆಂಪ್, ಕಾಯಿಲಿನಲ್ಲಿ ಹರಿಯುವುದು 1 ಮಿಲಿ ಆಂಪ್. ಶಂಟಿನಲ್ಲಿ 1 ವ್ಯಾಟ್ ಸುಡುವಾಗ ಕಾಯಿಲಿನಲ್ಲಿ ಅದರ ಹತ್ತು ಸಾವಿರದಲ್ಲಿ ಒಂದು ಪಾಲು. ಶಂಟ್ ಕಾದಿರುತ್ತದೆ, ಕಾಯಿಲ್ ತಣ್ಣಗೆ ಕೂತಿರುತ್ತದೆ. ಎರಡೂ ಒಂದೇ ಉಷ್ಣತೆಯಲ್ಲಿರುವುದು ಕರೆಂಟು ಹರಿಯದಿದ್ದಾಗ ಮಾತ್ರ, ಆಗ ಓದಲು ಏನೂ ಇರುವುದಿಲ್ಲ.

ಸರಿ, ಹಾಗಾದರೆ ಯಾವ ಲೋಹ? ಶಂಟಿಗೆ ಹೆಸರಾದದ್ದು ಮ್ಯಾಂಗನಿನ್. ನೂರರಲ್ಲಿ ಸುಮಾರು 84 ಪಾಲು ತಾಮ್ರ, 12 ಪಾಲು ಮ್ಯಾಂಗನೀಸ್, ಉಳಿದದ್ದು ನಿಕ್ಕಲ್. ಎಡ್ವರ್ಡ್ ವೆಸ್ಟನ್ 19ನೇ ಶತಮಾನದ ಕೊನೆಯಲ್ಲಿ ಮೀಟರುಗಳಿಗೆಂದೇ ಹುಡುಕಿಕೊಂಡ ಮಿಶ್ರಲೋಹ ಇದು. ಬಿಸಿಯಾದರೂ ಇದರ ರೆಸಿಸ್ಟೆನ್ಸ್ ಬದಲಾಗುವುದು ತಾಮ್ರದ್ದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಾನ್‌ಸ್ಟಂಟನ್ ಅಂತ ಇನ್ನೊಂದಿದೆ, ತಾಮ್ರ ಮತ್ತು ನಿಕ್ಕಲ್ ಸೇರಿದ್ದು. ಅದೂ ಬಿಸಿಗೆ ಅಲ್ಲಾಡುವುದಿಲ್ಲ, ಆದರೆ ತಾಮ್ರದ ಜೊತೆ ಸೇರುವ ಜಾಗದಲ್ಲಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ತಾನೇ ಹುಟ್ಟಿಸುತ್ತದೆ. ಶಂಟಿನ ಒಂದು ತುದಿ ಇನ್ನೊಂದಕ್ಕಿಂತ 10 ಡಿಗ್ರಿ ಬಿಸಿ ಇದ್ದರೆ 0.4 ಮಿಲಿವೋಲ್ಟ್ ತಪ್ಪು. ಲ್ಯಾಬಿನ ಶಂಟಿಗೆ ಇದು ದೊಡ್ಡ ದೋಷ, ಅದಕ್ಕೇ ಪುಸ್ತಕಗಳು ಡಿ.ಸಿ. ಶಂಟಿಗೆ ಬೇಡ ಅನ್ನುತ್ತವೆ. ನಿಮ್ಮ 100 ಮಿಲಿವೋಲ್ಟಿಗೆ ಅದು ಶೇ. 0.4. ಪ್ಯಾನೆಲ್ ಮೀಟರುಗಳ ಡಯಲಿನ ಮೂಲೆಯಲ್ಲಿ ಸಾಮಾನ್ಯವಾಗಿ 1.5 ಅಥವಾ 2.5 ಅಂತ ಬರೆದಿರುತ್ತದೆ. ಫುಲ್ ಸ್ಕೇಲಿನ ಶೇಕಡಾ ಅಷ್ಟು ತಪ್ಪು ಇರಬಹುದು ಅಂತ ಅದರ ಅರ್ಥ. ಅದರ ಮುಂದೆ 0.4ಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮ್ಯಾಂಗನಿನ್ ತಂತಿ ಚಿಕ್ಕ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ಸಿಕ್ಕರೂ 10 ಮಿಲಿಓಮ್‌ಗೆ ಸರಿಯಾಗಿ ಕತ್ತರಿಸುವುದು ಇನ್ನೂ ಕಷ್ಟ. ಇದಕ್ಕೊಂದು ಸುಲಭ ದಾರಿ ಹೇಳುತ್ತೇನೆ. ಅದಕ್ಕೂ ಮೊದಲು, ಯಾವ ಶಂಟ್ ಹಾಕಿದರೂ ನಿಮ್ಮನ್ನು ಕಾಡುವ ಒಂದು ವಿಷಯ ಇದೆ, ಅದು ಮುಗಿಯಲಿ.

ಹಲವು ವರ್ಷದ ಹಿಂದೆ ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಿಂದ ಕರೆ ಬಂತು. ರೆಕ್ಟಿಫೈಯರಿನ ಆಂಪ್ ಮೀಟರ್ ಜಾಸ್ತಿ ತೋರಿಸುತ್ತಿದೆ, ಅದನ್ನು ನಂಬಿ ಕರೆಂಟು ಇಳಿಸಿದರೆ ಪ್ಲೇಟಿಂಗ್ ತೆಳ್ಳಗೆ ಬರುತ್ತಿದೆ ಅಂತ. ಮೀಟರನ್ನು ಬಿಚ್ಚಿ ತಂದು ಬೆಂಚಿನಲ್ಲಿ ನೋಡಿದೆ, ಏನೂ ದೋಷ ಇಲ್ಲ. ವಾಪಸ್ ಹೋಗಿ ಶಂಟ್ ನೋಡಿದೆ. 500 ಆಂಪಿಗೆ 75 ಮಿಲಿವೋಲ್ಟಿನದು, ಅಂದರೆ 0.15 ಮಿಲಿಓಮ್. ಮೀಟರಿನ ಸಣ್ಣ ವೈರುಗಳಿಗೆಂದು ಅದರ ಮೇಲೆ ಬೇರೆ ಸ್ಕ್ರೂ ಇದ್ದವು. ಯಾರೋ ಅದನ್ನು ಬಿಟ್ಟು, ದಪ್ಪ ಬಸ್‌ಬಾರಿನ ಬೋಲ್ಟಿನ ಕೆಳಗೇ ಆ ವೈರುಗಳನ್ನೂ ಸಿಕ್ಕಿಸಿಬಿಟ್ಟಿದ್ದರು. ಬೋಲ್ಟಿನ ಹತ್ತಿರ ಹಸಿರು ಕಿಲುಬು. ಆ ಜಾಯಿಂಟಿನಲ್ಲಿ 0.02 ಮಿಲಿಓಮ್ ಸೇರಿಕೊಂಡರೆ ಸಾಕು, ಓದುವುದು ಶೇ. 13 ಜಾಸ್ತಿಯಾಗುತ್ತದೆ. ವೈರುಗಳನ್ನು ಅವುಗಳ ಸ್ಕ್ರೂಗೆ ಹಾಕಿದೆ, ಬೋಲ್ಟ್ ಉಜ್ಜಿ ಬಿಗಿ ಮಾಡಿಸಿದೆ, ಮುಗೀತು. ಮೀಟರ್ ಬಿಚ್ಚಿದ್ದಕ್ಕೆ ಅರ್ಧ ದಿನ ಹೋಗಿತ್ತು, ಅದು ನನ್ನ ಪೆದ್ದುತನ.

ನಿಮ್ಮ ಶಂಟ್ 10 ಮಿಲಿಓಮ್. ಒಂದು ಕೆಟ್ಟ ಬೆಸುಗೆ ಅಥವಾ ಸಡಿಲ ಟರ್ಮಿನಲ್ 1 ಮಿಲಿಓಮ್ ಸೇರಿಸುವುದು ಕಷ್ಟವೇ ಅಲ್ಲ. ಅದೇ ಶೇ. 10. ಹಾಗಾಗಿ ಕರೆಂಟು ಬಂದು ಹೋಗುವ ದಪ್ಪ ವೈರುಗಳು ಶಂಟಿನ ಹೊರ ತುದಿಯಲ್ಲಿರಬೇಕು. ಮೀಟರಿಗೆ ಹೋಗುವ ತೆಳು ವೈರುಗಳು ಅವುಗಳಿಗಿಂತ ಒಳಗೆ, ಶಂಟಿನ ಮೈಮೇಲೇ ಬೇರೆ ಬೆಸುಗೆಯಲ್ಲಿ ಕೂರಬೇಕು. ಒಟ್ಟು ನಾಲ್ಕು ಜಾಯಿಂಟು. ದಪ್ಪ ವೈರಿನ ಜಾಯಿಂಟ್ ಎಷ್ಟೇ ಕೆಟ್ಟರೂ ಆಗ ಅದು ಮೀಟರಿನ ಓದಿನ ಹೊರಗೆ ಉಳಿಯುತ್ತದೆ. ತೆಳು ವೈರಿನ ಜಾಯಿಂಟಿನಲ್ಲಿ ಸ್ವಲ್ಪ ರೆಸಿಸ್ಟೆನ್ಸ್ ಇದ್ದರೂ ಅದು ಕಾಯಿಲಿನ 100 ಓಮ್ ಜೊತೆ ಸೇರುವುದರಿಂದ ಲೆಕ್ಕಕ್ಕೇ ಬರುವುದಿಲ್ಲ.

ಈಗ ಆ ಸುಲಭ ದಾರಿ. ಬಿಳಿ ಸಿಮೆಂಟ್ ರೆಸಿಸ್ಟರ್ ನೋಡಿದ್ದೀರಲ್ಲ, ಆಂಪ್ಲಿಫೈಯರ್ ಬೋರ್ಡಿನಲ್ಲಿ ಇರುತ್ತದೆ. 0.1 ಓಮ್, 5 ವ್ಯಾಟಿನದು ಎಸ್.ಪಿ. ರಸ್ತೆಯಲ್ಲಿ ಮಾತ್ರವಲ್ಲ, ಜಿಲ್ಲಾ ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಕೇಳಿದರೆ ಸಿಗುವಂಥ ಮಾಲು. ಐದು ತನ್ನಿ. ಎರಡು ತಾಮ್ರದ ಪಟ್ಟಿಗಳ ನಡುವೆ ಐದನ್ನೂ ಪ್ಯಾರಲಲ್ ಆಗಿ, ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ ಬೆಸೆಯಿರಿ. ಒಟ್ಟು 0.02 ಓಮ್. 10 ಆಂಪ್ ಹರಿದಾಗ ಒಂದೊಂದರ ಪಾಲಿಗೆ 2 ಆಂಪ್, ಒಂದೊಂದರಲ್ಲಿ 0.4 ವ್ಯಾಟ್. 5 ವ್ಯಾಟಿನ ರೆಸಿಸ್ಟರಿಗೆ ಇದು ಬೆಚ್ಚಗಾಗುವಷ್ಟೂ ಇಲ್ಲ ಅನ್ನಬೇಕು. ಒಳಗಿರುವುದು ಮಿಶ್ರಲೋಹದ ತಂತಿ, ಮ್ಯಾಂಗನಿನ್ ಅಲ್ಲದಿದ್ದರೂ ತಾಮ್ರದಂತೆ ಬಿಸಿಗೆ ಕುಣಿಯುವುದಿಲ್ಲ.

ಆದರೆ ನಮಗೆ ಬೇಕಿದ್ದದ್ದು 0.01, ಇದು 0.02 ಆಯ್ತಲ್ಲ ಅಂತೀರಿ. ಬೇಕೆಂದೇ ಹಾಗೆ ಮಾಡಿದ್ದು. 10 ಆಂಪಿಗೆ ಈಗ 200 ಮಿಲಿವೋಲ್ಟ್ ಬರುತ್ತದೆ. ಮೀಟರಿಗೆ ಬೇಕಾದದ್ದು 100. ಹಾಗಾಗಿ ಮೀಟರಿನ ಸೀರೀಸಿನಲ್ಲಿ ಇನ್ನೊಂದು 100 ಓಮ್ ಹಾಕಿದರೆ ಆ ದಾರಿಯ ಒಟ್ಟು ರೆಸಿಸ್ಟೆನ್ಸ್ 200 ಓಮ್ ಆಗುತ್ತದೆ, 200 ಮಿಲಿವೋಲ್ಟಿಗೆ ಸರಿಯಾಗಿ 1 ಮಿಲಿ ಆಂಪ್. ಆ 100 ಓಮ್‌ಗೆ ಒಂದೇ ರೆಸಿಸ್ಟರ್ ಹಾಕಬೇಡಿ. 82 ಓಮ್ ಮೆಟಲ್ ಫಿಲ್ಮ್ ಒಂದು, ಅದರ ಸೀರೀಸಿನಲ್ಲಿ 50 ಓಮ್ ಪ್ರಿಸೆಟ್ ಒಂದು ಹಾಕಿ. ಸಿಮೆಂಟ್ ರೆಸಿಸ್ಟರುಗಳು ಶೇ. 5ರಷ್ಟು ಆಚೀಚೆ ಇರುತ್ತವೆ, ಅಂದರೆ ನಿಮ್ಮ ಶಂಟ್ 0.019ರಿಂದ 0.021ರವರೆಗೆ ಎಲ್ಲಾದರೂ ಇರಬಹುದು. ಅದಕ್ಕೆ ತಕ್ಕಂತೆ ಬೇಕಾಗುವ ಸೀರೀಸ್ ರೆಸಿಸ್ಟೆನ್ಸ್ 90ರಿಂದ 110 ಓಮ್. ಪ್ರಿಸೆಟ್ ತಿರುಗಿಸಿದರೆ 82ರಿಂದ 132ರವರೆಗೆ ಸಿಗುತ್ತದೆ, ಜಾಗ ಬೇಕಾದಷ್ಟಿದೆ. ಮಿಲಿಓಮ್ ಲೆಕ್ಕದಲ್ಲಿ ಶಂಟನ್ನು ಅರದಿಂದ ಉಜ್ಜಿ ಸರಿಮಾಡುವ ಬದಲು ಓಮ್ ಲೆಕ್ಕದಲ್ಲಿ ಪ್ರಿಸೆಟ್ ತಿರುಗಿಸುತ್ತೀರಿ. ಯಾವುದು ಸುಲಭ ಅಂತ ಬೇರೆ ಹೇಳಬೇಕಾ?

ಇದರಿಂದ ಇನ್ನೊಂದು ಲಾಭ ಇದೆ. ಶಂಟಿನ ಲೋಹ ಸರಿಪಡಿಸಿದ ಮೇಲೆ ಕಾಯಿಲಿನ ತಾಮ್ರ ಒಂಟಿಯಾಗಿ ಉಳಿಯುತ್ತದೆ. ಅಂಗಡಿಯ ಒಳಗೆ ಬಿಸಿ 10 ಡಿಗ್ರಿ ಏರಿದರೆ 100 ಓಮ್ ಕಾಯಿಲ್ 104 ಓಮ್‌ಗೆ ಹತ್ತಿರವಾಗುತ್ತದೆ, ಮುಳ್ಳು ಸುಮಾರು ಶೇ. 4 ಕಡಿಮೆ ಓದುತ್ತದೆ. ಗೆಳೆಯನ ಮಾತಿನಲ್ಲಿ ಇದ್ದ ಅರ್ಧ ಸತ್ಯ ಇದೇ. ಆದರೆ ಸೀರೀಸಿನಲ್ಲಿ ಬಿಸಿಗೆ ಬದಲಾಗದ 100 ಓಮ್ ಇದ್ದಾಗ 200 ಇದ್ದದ್ದು 204 ಆಗುತ್ತದೆ, ತಪ್ಪು ಶೇ. 2ಕ್ಕೆ ಇಳಿಯುತ್ತದೆ. ಈ ಕೆಲಸಕ್ಕೆ ಹಾಕುವ ರೆಸಿಸ್ಟರಿಗೆ ಸ್ವಾಂಪಿಂಗ್ ರೆಸಿಸ್ಟರ್ ಅಂತ ಹೆಸರು. ಒಳ್ಳೆಯ ಮೀಟರುಗಳ ಒಳಗೆ ಕಾಯಿಲಿಗಿಂತ ಎರಡು ಮೂರು ಪಟ್ಟು ದೊಡ್ಡ ಸ್ವಾಂಪಿಂಗ್ ರೆಸಿಸ್ಟರ್ ಕೂರಿಸಿರುತ್ತಾರೆ. ನಾವೂ 500 ಮಿಲಿವೋಲ್ಟಿಗೆ ಹೋಗಿ ತಪ್ಪನ್ನು ಇನ್ನೂ ಇಳಿಸಬಹುದಲ್ಲ ಅಂದರೆ, ಆಗ 10 ಆಂಪಿಗೆ ಶಂಟಿನಲ್ಲಿ 5 ವ್ಯಾಟ್ ಸುಡುತ್ತದೆ, ಲೋಡಿಗೆ ಅರ್ಧ ವೋಲ್ಟ್ ಕಡಿಮೆ ಹೋಗುತ್ತದೆ. 200ರಲ್ಲಿ ನಿಲ್ಲಿಸುವುದು ನನ್ನ ಆಯ್ಕೆ. 2 ವ್ಯಾಟ್, 0.2 ವೋಲ್ಟ್, ನಿಮ್ಮ ಸಪ್ಲೈಗೆ ಭಾರವಲ್ಲ.

ರೆಡಿಮೇಡ್ ಶಂಟ್ ತಂದರೆ ಆಗಲ್ವಾ ಅಂತಲೂ ಕೇಳುತ್ತಾರೆ. ಆಗುತ್ತದೆ, ಆದರೆ ಮೇಲೆ ಬರೆದಿರುವ ಮಿಲಿವೋಲ್ಟ್ ನೋಡಿ ತನ್ನಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 75 ಮಿಲಿವೋಲ್ಟಿನದು. 10 ಆಂಪ್, 75 ಮಿಲಿವೋಲ್ಟಿನ ಶಂಟಿಗೆ ನಿಮ್ಮ ಮೀಟರ್ ಹಾಕಿದರೆ 10 ಆಂಪಿಗೆ ಮುಳ್ಳು ಮುಕ್ಕಾಲು ದಾರಿಯಲ್ಲೇ ನಿಲ್ಲುತ್ತದೆ. ಸೀರೀಸ್ ರೆಸಿಸ್ಟರ್ ಹಾಕಿ ಅದನ್ನು ಮೇಲೆ ತರಲು ಸಾಧ್ಯವಿಲ್ಲ, ಇನ್ನೂ ಕೆಳಗಿಳಿಸಬಹುದು ಅಷ್ಟೇ. ಶಂಟಿನ ಮಿಲಿವೋಲ್ಟ್ ಯಾವಾಗಲೂ ಮೀಟರಿನದಕ್ಕಿಂತ ಕಡಿಮೆ ಇರಬಾರದು.

ನಿಮ್ಮ ಮೀಟರಿಗೆ ನಿಜವಾಗಿ ಎಷ್ಟು ಮಿಲಿವೋಲ್ಟ್ ಬೇಕು ಅಂತ ನೀವೇ ಅಳೆದು ನೋಡಿ. ಕಾಯಿಲಿಗೆ ಮಲ್ಟಿಮೀಟರಿನ ಓಮ್ ರೇಂಜ್ ಮಾತ್ರ ಹಾಕಬೇಡಿ. ಹಳೇ ಮುಳ್ಳಿನ ಮಲ್ಟಿಮೀಟರಿನ ಕೆಳಗಿನ ಓಮ್ ರೇಂಜ್ ಹತ್ತಾರು ಮಿಲಿ ಆಂಪ್ ಕಳಿಸುತ್ತದೆ, ಮುಳ್ಳು ಬಾಗುತ್ತದೆ. ಒಂದೂವರೆ ವೋಲ್ಟಿನ ಸೆಲ್ ಒಂದು, 1 ಕಿಲೋ ಓಮ್ ರೆಸಿಸ್ಟರ್ ಒಂದು, 1 ಕಿಲೋ ಓಮ್ ಪಾಟ್ ಒಂದು, ಮೂರನ್ನೂ ಮೀಟರಿನ ಸೀರೀಸಿನಲ್ಲಿ ಹಾಕಿ. ಪಾಟನ್ನು ಪೂರ್ತಿ ರೆಸಿಸ್ಟೆನ್ಸಿಗೆ ಇಟ್ಟು ಶುರು ಮಾಡಿ, ಮುಳ್ಳು ಸರಿಯಾಗಿ ಕೊನೆಯ ಗೀಟಿಗೆ ಬರುವವರೆಗೆ ನಿಧಾನವಾಗಿ ತಿರುಗಿಸಿ. ಈಗ ಡಿಜಿಟಲ್ ಮೀಟರನ್ನು 200 ಮಿಲಿವೋಲ್ಟ್ ರೇಂಜಿನಲ್ಲಿ ಕಾಯಿಲಿನ ಎರಡು ಟರ್ಮಿನಲ್‌ಗೆ ಹಿಡಿಯಿರಿ. 100 ಬರಬೇಕು. 95 ಬಂದರೂ 108 ಬಂದರೂ ಗಾಬರಿ ಬೇಡ, ಪ್ರಿಸೆಟ್ ಇರುವುದೇ ಅದಕ್ಕೆ.

ಶಂಟಿನ 0.02 ಓಮನ್ನೂ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅಳೆಯಲು ಹೋಗಬೇಡಿ. ಪ್ರೋಬ್ ವೈರಿನ ರೆಸಿಸ್ಟೆನ್ಸೇ ಅದರ ಹತ್ತು ಪಟ್ಟು ಇರುತ್ತದೆ. ಕರೆಂಟು ಹರಿಸಿಯೇ ಅಡ್ಜಸ್ಟ್ ಮಾಡಿ. ಲೋಡಿಗೆ ಕಾರಿನ 12 ವೋಲ್ಟ್, 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಎರಡು ಸಾಕು, ಎರಡೂ ಸೇರಿ ಸುಮಾರು 9 ಆಂಪ್ ಎಳೆಯುತ್ತವೆ. ಪ್ರಿಸೆಟ್ಟನ್ನು ಜಾಸ್ತಿ ರೆಸಿಸ್ಟೆನ್ಸಿಗೆ ಇಟ್ಟುಕೊಳ್ಳಿ, ಸಪ್ಲೈಯನ್ನು ಸೊನ್ನೆಯಿಂದ ನಿಧಾನವಾಗಿ 12ಕ್ಕೆ ತನ್ನಿ, ಯಾಕೆಂದರೆ ತಣ್ಣಗಿನ ಬಲ್ಬು ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕ್ಲ್ಯಾಂಪ್ ಮೀಟರ್ ಡಿ.ಸಿ.ಯದ್ದೇ ಇರಬೇಕು, ವೈರಿಗೆ ಹಾಕುವ ಮೊದಲು ಝೀರೋ ಬಟನ್ ಒತ್ತಿ. ಐದು ನಿಮಿಷ ಬಲ್ಬು ಉರಿಯಲಿ, ಆಮೇಲೆ ಪ್ರಿಸೆಟ್ ತಿರುಗಿಸಿ ಮುಳ್ಳನ್ನು ಕ್ಲ್ಯಾಂಪಿನ ಅಂಕಿಗೆ ತನ್ನಿ. ಆಮೇಲೆ ಒಂದು ಬಲ್ಬು ಕಿತ್ತು ನೋಡಿ. ಮೂವಿಂಗ್ ಕಾಯಿಲ್ ಮೀಟರಿನಲ್ಲಿ ಮುಳ್ಳು ಕರೆಂಟಿಗೆ ಸಮನಾಗಿ ತಿರುಗುತ್ತದೆ, ಹಾಗಾಗಿ ಅಲ್ಲೂ ಕ್ಲ್ಯಾಂಪಿನ ಅಂಕಿಗೆ ಹೊಂದಬೇಕು. ಮೇಲೆ ಸರಿ ಇದ್ದು ನಡುವೆ ಹೊಂದದಿದ್ದರೆ ಮೊದಲು ಮುಳ್ಳಿನ ಸೊನ್ನೆ ನೋಡಿ. ಅದೂ ಸರಿ ಇದ್ದರೆ ಮುಳ್ಳು ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ.

ಇನ್ನು ಠಪ್ ಅಂತ ಬಡಿಯುವ ವಿಷಯ. ನಿಮ್ಮ ಮಾತಿನ ಮೇಲೆ ಹೇಳುವುದಾದರೆ ಶಂಟೇ ಸ್ವಿಚ್ಚಿನ ಮೂಲಕ ಹೋಗುತ್ತಿದೆ. ಸ್ವಿಚ್ ತಿರುಗುವಾಗ ಒಂದು ಕ್ಷಣ ಶಂಟ್ ಕಳಚಿಕೊಂಡು ಮೀಟರ್ ಮಾತ್ರ ದಾರಿಯಲ್ಲಿ ಉಳಿಯುತ್ತದೆ. 12 ವೋಲ್ಟ್ ಸಪ್ಲೈಗೆ 100 ಓಮ್ ಕಾಯಿಲ್, ಅಂದರೆ ಹತ್ತಿರ ಹತ್ತಿರ 120 ಮಿಲಿ ಆಂಪ್. ಮೀಟರ್ ತಡೆಯುವುದಕ್ಕಿಂತ 120 ಪಟ್ಟು. ಕಾಯಿಲಿಗೆ ಕರೆಂಟು ಹೋಗುವುದೇ ಕೂದಲಿನಂಥ ಎರಡು ಸ್ಪ್ರಿಂಗುಗಳ ಮೂಲಕ, ಅವು ಒಮ್ಮೆ ಕಾದರೆ ಮೆತ್ತಗಾಗಿ ಮುಳ್ಳು ಸೊನ್ನೆಗೆ ವಾಪಸ್ ಬರುವುದೇ ಇಲ್ಲ. ನಿಮ್ಮದು ಇನ್ನೂ ಬದುಕಿದೆ ಅಂದರೆ ಅದೃಷ್ಟ. ಬಡಿಯದೇ ಇದ್ದಾಗಲೂ ಸ್ವಿಚ್ಚಿನ ಕಾಂಟಾಕ್ಟ್ ರೆಸಿಸ್ಟೆನ್ಸ್ ಶಂಟಿನ ಜೊತೆ ಸೇರಿ ಓದುವುದನ್ನು ಕೆಡಿಸುತ್ತಾ ಇರುತ್ತದೆ.

ಶಂಟನ್ನು ಮೈನಸ್ ಲೈನಿನಲ್ಲಿ ಶಾಶ್ವತವಾಗಿ ಬೆಸೆದುಬಿಡಿ, ಅದು ಯಾವ ಸ್ವಿಚ್ಚಿಗೂ ಹೋಗಬಾರದು. ಸ್ವಿಚ್ ಬದಲಿಸಬೇಕಾದದ್ದು ಮೀಟರಿನ ಎರಡು ತೆಳು ವೈರುಗಳನ್ನು ಮಾತ್ರ. ಆರು ಕಾಲಿನ ಟಾಗಲ್ ಸ್ವಿಚ್ ತನ್ನಿ. ನಡುವಿನ ಎರಡು ಕಾಲಿಗೆ ಮೀಟರಿನ ಪ್ಲಸ್ ಮತ್ತು ಮೈನಸ್. ಒಂದು ಬದಿಯ ಎರಡು ಕಾಲಿಗೆ ಶಂಟಿನ ಒಳ ತುದಿಗಳು, ಅದರಲ್ಲಿ ಪ್ಲಸ್ ಕಡೆ ಆ 82 ಓಮ್ ಮತ್ತು ಪ್ರಿಸೆಟ್. ಔಟ್‌ಪುಟ್ ಟರ್ಮಿನಲ್ ಕಡೆಯ ತುದಿ ಮೀಟರಿನ ಪ್ಲಸ್ಸಿಗೆ ಬರಬೇಕು, ತಿರುಗಾಮುರುಗಾ ಆದರೆ ಮುಳ್ಳು ಸೊನ್ನೆಯ ಹಿಂದಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ವೋಲ್ಟ್ ವೈರುಗಳು, ಅಲ್ಲೂ ಪ್ಲಸ್ ಕಡೆ 29.9 ಕಿಲೋ. ಕಾಯಿಲಿನ ಮೇಲೆ 4007 ಡಯೋಡ್ ಎರಡನ್ನು ಒಂದಕ್ಕೊಂದು ತಲೆಕೆಳಗಾಗಿ ಪ್ಯಾರಲಲ್ ಹಾಕಿ. 100 ಮಿಲಿವೋಲ್ಟಿನಲ್ಲಿ ಅವು ಇವೆ ಅನ್ನುವುದೇ ಮೀಟರಿಗೆ ಗೊತ್ತಾಗುವುದಿಲ್ಲ. ಶಂಟಿನ ಬೆಸುಗೆ ಬಿಟ್ಟುಹೋದರೆ 0.6 ವೋಲ್ಟಿನ ಹತ್ತಿರ ಅವು ಕರೆಂಟನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಕಾಯಿಲಿಗೆ ಆಗ ಹೋಗುವುದು 6 ಮಿಲಿ ಆಂಪ್ ಅಷ್ಟೇ. ಮುಳ್ಳು ಬಡಿಯುತ್ತದೆ, ಸಾಯುವುದಿಲ್ಲ.

ಈಗ ವೋಲ್ಟ್. ಲೆಕ್ಕ ಸರಳ.

```
R = V / Im − Rm
  = 30 / 0.001 − 100
  = 29900 ohm
```

29.9 ಕಿಲೋ ಬೇಕೇ ಬೇಕು ಅಂದರೆ 27 ಕಿಲೋ, 2.7 ಕಿಲೋ, 200 ಓಮ್ ಮೂರನ್ನು ಸೀರೀಸ್ ಹಾಕಿ, ಸರಿಯಾಗಿ ಅಷ್ಟೇ ಆಗುತ್ತದೆ. ನೀವು 30 ಕಿಲೋ ಹಾಕಿದ್ದರಿಂದ ಆದ ತಪ್ಪು ಮೂವತ್ತು ವೋಲ್ಟಿಗೆ 0.1 ವೋಲ್ಟ್. ಮುಳ್ಳಿನ ದಪ್ಪಕ್ಕೇ ಅದು ಮುಚ್ಚಿಹೋಗುತ್ತದೆ. ಶೇ. 1ರ ಮೆಟಲ್ ಫಿಲ್ಮ್ ಆದರೆ ಸಾಕು, ಕಾಲು ವ್ಯಾಟಿನದೇ ಆದೀತು, ಅದರಲ್ಲಿ ಸುಡುವುದು 0.03 ವ್ಯಾಟ್. ಬಿಸಿಯ ಕಾಟವೂ ಇಲ್ಲಿ ಇಲ್ಲ. ಕಾಯಿಲ್ 100 ಇದ್ದದ್ದು 104 ಆದರೂ ಅದು 30,000ದಲ್ಲಿ 4 ಓಮ್. ಆಂಪ್ ಅಳೆಯುವಾಗ ಅಷ್ಟು ಕಾಡಿದ ಅದೇ ತಾಮ್ರ ಇಲ್ಲಿ ಸುಮ್ನೆ ಇರುತ್ತದೆ.

ನಾಲ್ಕೂವರೆ ವೋಲ್ಟ್ ಎಲ್ಲಿಂದ ಬಂತು ಹಾಗಾದರೆ? ಎರಡು 100 ಕಿಲೋ ಓಮ್‌ಗಳ ಮಧ್ಯ ಬಿಂದುವಿನಿಂದ ನೋಡಿದರೆ ಅದು 50 ಕಿಲೋ ಓಮ್ ಹಿಂದೆ ಕೂತಿರುವ 12 ವೋಲ್ಟ್ ಇದ್ದ ಹಾಗೆ. ಅಲ್ಲಿಗೆ ನೀವು 30 ಕಿಲೋ ಓಮಿನ ಮೀಟರ್ ತಂದು ಸಿಕ್ಕಿಸಿದಿರಿ. 80ರಲ್ಲಿ 30 ಪಾಲು ಮೀಟರಿಗೆ, 12 × 30 / 80, ಅದೇ 4.5. ಅಂದರೆ ನಿಮ್ಮ ಮೀಟರ್ ನಿಜವನ್ನೇ ಹೇಳಿದೆ! ಮೀಟರ್ ಮುಟ್ಟಿದ ಮೇಲೆ ಅಲ್ಲಿ ಇರುವುದೇ ನಾಲ್ಕೂವರೆ ವೋಲ್ಟ್. ಪರೀಕ್ಷೆ ಬೇಕಾದರೆ ಡಿಜಿಟಲ್ ಮೀಟರನ್ನೂ ಅದೇ ಹೊತ್ತಿಗೆ ಅಲ್ಲೇ ಹಿಡಿದು ನೋಡಿ, ಅದೂ ನಾಲ್ಕೂವರೆಗೆ ಇಳಿಯುತ್ತದೆ. ಡಿಜಿಟಲ್ ಒಂದೇ ಇದ್ದಾಗ 12 ತೋರಿಸುವುದು ಅದರೊಳಗೆ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ.

1 ಮಿಲಿ ಆಂಪಿನ ಮೀಟರಿನಿಂದ ವೋಲ್ಟ್‌ಮೀಟರ್ ಮಾಡಿದರೆ ವೋಲ್ಟಿಗೆ 1000 ಓಮ್, ಅದನ್ನು ಯಾವ ರೆಸಿಸ್ಟರ್ ಬದಲಿಸಿದರೂ ಏರಿಸಲಾಗುವುದಿಲ್ಲ. 50 ಮೈಕ್ರೋ ಆಂಪಿನ ಮೀಟರ್ ಹಾಕಿದರೆ ವೋಲ್ಟಿಗೆ 20,000 ಓಮ್ ಸಿಗುತ್ತದೆ. 30 ವೋಲ್ಟ್ ರೇಂಜಿನಲ್ಲಿ 600 ಕಿಲೋ ಓಮ್, ಅದೇ ಜಾಗದಲ್ಲಿ 11 ವೋಲ್ಟ್ ಓದುತ್ತಿತ್ತು. ಆದರೆ ಅಂಥ ಮೀಟರ್ ನಾಜೂಕು, ಬೆಲೆಯೂ ಜಾಸ್ತಿ, ಸಪ್ಲೈ ಪ್ಯಾನೆಲ್‌ಗೆ ಬೇಕಾಗಿಯೂ ಇಲ್ಲ. ನಿಮ್ಮ ಸಪ್ಲೈಗೆ 1 ಮಿಲಿ ಆಂಪ್ ಅಂದರೆ ಏನೇನೂ ಅಲ್ಲ. ಇದನ್ನು ಪ್ಯಾನೆಲ್ಲಿನಲ್ಲೇ ಬಿಡಿ, ಸರ್ಕ್ಯೂಟ್ ಹುಡುಕಾಟಕ್ಕೆ ಡಿಜಿಟಲ್ ಹಿಡಿಯಿರಿ.

ಒಂದು ಎಚ್ಚರಿಕೆ, ಯುಪಿಎಸ್ ಕೆಲಸ ಮಾಡುತ್ತೀರಿ ಅಂದಿದ್ದಕ್ಕೆ. ಇದೇ ಲೆಕ್ಕ ಹಿಡಿದು 230 ವೋಲ್ಟ್ ಮೇನ್ಸ್ ರೆಕ್ಟಿಫೈ ಮಾಡಿದ 325 ವೋಲ್ಟ್ ಡಿ.ಸಿ. ಅಳೆಯಲು ಹೊರಟರೆ ಒಂದೇ ಕಾಲು ವ್ಯಾಟ್ ರೆಸಿಸ್ಟರ್ ಹಾಕಬೇಡಿ. ಅಲ್ಲಿ ಸಮಸ್ಯೆ ವ್ಯಾಟ್ ಒಂದೇ ಅಲ್ಲ, ಆ ಸಣ್ಣ ರೆಸಿಸ್ಟರ್ ಮೈಮೇಲೆ ತಡೆಯುವುದೇ ಸುಮಾರು 250 ವೋಲ್ಟ್. ನಾಲ್ಕೈದನ್ನು ಸೀರೀಸ್ ಹಾಕಿ ವೋಲ್ಟೇಜ್ ಹಂಚಿ. ಅವೆಲ್ಲವೂ ಪ್ಲಸ್ ಕಡೆ ಇರಲಿ, ಆಗ ಮೀಟರಿಗೆ ಪೂರ್ತಿ ವೋಲ್ಟೇಜ್ ಹೋಗುವುದಿಲ್ಲ. ಹಾಗಂತ ಮೈನಸ್ ಕಡೆ ಮುಟ್ಟಬಹುದು ಅಂತಲ್ಲ. ಐಸೊಲೇಷನ್ ಇಲ್ಲದ ಯುಪಿಎಸ್ಸಿನಲ್ಲಿ ಅದೂ ಲೈವ್ ಇರುತ್ತದೆ.

ವೋಲ್ಟ್ ವೈರುಗಳನ್ನು ಶಂಟ್ ಆದ ಮೇಲೆ, ಔಟ್‌ಪುಟ್ ಟರ್ಮಿನಲ್ಲಿನ ಬುಡದಿಂದಲೇ ತೆಗೆಯಿರಿ. ಶಂಟಿಗೂ ಮೊದಲೇ ತೆಗೆದರೆ 10 ಆಂಪಿಗೆ 0.2 ವೋಲ್ಟ್ ಜಾಸ್ತಿ ತೋರಿಸುತ್ತದೆ. 30 ವೋಲ್ಟ್ ಸ್ಕೇಲಿನಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ, ಆದರೆ ಬ್ಯಾಟರಿಗೆ 13.8 ಕೊಡುತ್ತಿದ್ದೇನೆ ಅಂದುಕೊಂಡು ನೀವು 13.6 ಕೊಡುತ್ತಿರುತ್ತೀರಿ.

ಹೊಸ ಸ್ಕೇಲ್ ಬರೆಯಲು ಮೀಟರಿನ ಗಾಜು ತೆಗೆಯುತ್ತೀರಿ ಅಲ್ವಾ, 0ಯಿಂದ 10 ಮೇಲೆ, 0ಯಿಂದ 30 ಕೆಳಗೆ ಅಂತ ಎರಡು ಸಾಲು ಸಮ ಅಂತರದಲ್ಲಿ ಬರೆದರೆ ಸಾಕು. ಅದನ್ನು ಪ್ಯಾನೆಲ್ಲಿಗೆ ತೂತು ಕೊರೆದ ಟೇಬಲಿನ ಮೇಲೆ ಮಾತ್ರ ಮಾಡಬೇಡಿ. ಕಬ್ಬಿಣದ ಒಂದು ಚೂರು ಪುಡಿ ಮ್ಯಾಗ್ನೆಟ್ಟಿನ ಸಂದಿಗೆ ಹೋದರೆ ಮುಳ್ಳು ಪ್ರತಿ ಸಲ ಒಂದೇ ಗೀಟಿನ ಹತ್ತಿರ ತಡವರಿಸುತ್ತದೆ, ಆ ಪುಡಿ ತೆಗೆಯಲು ಆಮೇಲೆ ಸೆಲೋ ಟೇಪಿನ ಚೂರು ಹಿಡಿದು ಸಂಜೆಯವರೆಗೆ ಕೂರಬೇಕಾಗುತ್ತದೆ. ಬಿಳಿ ಹಾಳೆ ಹಾಸಿಕೊಂಡು, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಮಾಡಿ.